ಟೀಮ್‌ನವರ ಸಂತಾಪದ ಲೆಟರ್ ಬಗ್ಗೆ

"ಅತ್ತೆ, ನಮ್ಮ ಟೀಮಲ್ಲಿ ಒಬ್ಬಳ ಅಪ್ಪ ತೀರ್ಕೊಂಡ್ರು. ಚಾಟಲ್ಲಿ ಒಬ್ಬೊಬ್ರು ಒಂದೊಂದು ಹಾಕಿದಾರೆ, ಅದನ್ನೆಲ್ಲ ಸೇರಿಸಿ ಟೀಮ್ ಕಡೆಯಿಂದ ಮರ್ಯಾದೆಯಾಗಿ ಒಂದು ಲೆಟರ್ ಮಾಡು ಅಂತ ಮ್ಯಾನೇಜರ್ ನಂಗೆ ಹೇಳಿದಾರೆ. ಮೆಸೇಜ್‌ಗಳನ್ನ ಇಲ್ಲೇ ಹಾಕಿದೀನಿ, ಹೇಗೆ ಬರೀಲಿ?"

ಪುಟ್ಟಿ, ಮೆಸೇಜ್ ಎಲ್ಲಾ ಎರಡೆರಡು ಸಲ ಓದಿದೆ. ಪಾಪ ಆ ಹುಡುಗಿ. ನೋಡು, ಹತ್ತು ಜನರ ಮಾತನ್ನ ಸೇರಿಸ್ಬೇಕು ಅಂದ ತಕ್ಷಣ ಎಲ್ರೂ ಮಾಡೋದು ಒಂದೇ, ಅವರು ಬರೆದಿದ್ದೆಲ್ಲ ಬಿಟ್ಟು 'ಮೃತರ ಆತ್ಮಕ್ಕೆ ಚಿರಶಾಂತಿ ದೊರಕಲಿ, ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ದೇವರು ಕರುಣಿಸಲಿ' ಅಂತ ಎರಡು ಸಾಲು ಹಾಕಿ ಕೆಳಗೆ ಹೆಸರು ಬರೆದುಬಿಡೋದು. ಅದು ತಪ್ಪು ಅಂತಲ್ಲ, ಆದರೆ ಅದು ಯಾರ ಅಪ್ಪನಿಗಾದ್ರೂ ಆಗುತ್ತೆ, ಈ ಅಪ್ಪನಿಗೆ ಅಂತ ಬರೆದ ಹಾಗಿರಲ್ಲ.

ನೀನು ಹಾಕಿರೋದ್ರಲ್ಲಿ ಒಂದು ಮೆಸೇಜ್ ಇದೆ ನೋಡು, 'ಅಂಕಲ್ ಹೋದ ಬೇಸಿಗೇಲಿ ಮಾವಿನಹಣ್ಣು ತಂದಿದ್ರಲ್ಲ, ಸೆಕ್ಯುರಿಟಿ ಅಣ್ಣಂಗೂ ಕರೆದು ಕೊಟ್ರು, ನಂಬಕ್ಕೇ ಆಗ್ತಿಲ್ಲ ಕಣೇ' ಅಂತ. ಇಡೀ ಲೆಟರಿಗೆ ಇದೇ ಜೀವ, ಇದನ್ನ ಮಾತ್ರ ಯಾವ ಕಾರಣಕ್ಕೂ ಬಿಡಬೇಡ. ನಮ್ಮಮ್ಮ ಹೋದಾಗ ನನ್ನ ಆಫೀಸಿಂದ ಬಂದಿದ್ದ ಲೆಟರಲ್ಲಿ ಅಮ್ಮ ಡಬ್ಬಿಲಿ ಕಳಿಸ್ತಿದ್ದ ಕೋಡುಬಳೆ ವಿಷಯ ಒಂದು ಸಾಲು ಇತ್ತು, ಅದೊಂದು ಸಾಲು ಇವತ್ತಿಗೂ ಬಾಯಿಪಾಠ ನಂಗೆ, ಉಳಿದಿದ್ದು ಒಂದೂ ನೆನಪಿಲ್ಲ.

ಬಿಡಬೇಕಾದ್ದು ಅಂದ್ರೆ, 'ಏನಾಗಿತ್ತು, ಹಾರ್ಟ್ ಅಟ್ಯಾಕಾ, ವಯಸ್ಸೆಷ್ಟು' ಅಂತ ಕೇಳಿರೋದು ಪೂರ್ತಿ ತೆಗಿ. 'ನರಳದೆ ಹೋದ್ರಲ್ಲ ಬಿಡು' ಅಂದಿರೋದೂ ಬೇಡ, ಅದನ್ನ ಮನೆಯವರು ಹೇಳ್ಕೋಬಹುದು, ಹೊರಗಿನವರು ಹೇಳಿದ್ರೆ ಚುಚ್ಚುತ್ತೆ. ಆರ್‌ಐಪಿ, ಅಳೋ ಮುಖದ ಎಮೋಜಿ ಹಾಕಿದವರ ಮಾತು ಲೆಟರಲ್ಲಿ ಬರಲ್ಲ, ಹೆಸರು ಮಾತ್ರ ಬರಲಿ, ಆದ್ರೆ ಅವರನ್ನ ಒಂದ್ಸಲ ಕೇಳಿ ಹಾಕು. ಸ್ವರ್ಗಸ್ಥ, ಶಿವೈಕ್ಯ, ವೈಕುಂಠವಾಸಿ ಇವೆಲ್ಲ ಒಂದೊಂದು ಮನೆತನದ ಮಾತು, ಅವರ ಮನೇಲಿ ಏನಂತಾರೆ ಅಂತ ನಿಂಗೆ ಗೊತ್ತಿಲ್ಲದಿದ್ರೆ 'ತೀರಿಕೊಂಡ' ಅನ್ನೋದು ಎಲ್ಲರಿಗೂ ಸಲ್ಲುತ್ತೆ, ಮರ್ಯಾದೆಯೂ ಇದೆ. ಚಾಟಲ್ಲಿ ನೀನು ತಾನು ಅಂತಿದ್ರೂ ಇಲ್ಲಿ 'ನೀವು' ಅಂತಲೇ ಬರಿ, ಅವಳ ಅಮ್ಮನೂ ಓದ್ತಾರಲ್ಲ, ಅದಕ್ಕೇ ಕನ್ನಡದಲ್ಲೇ ಇರಲಿ ಅಂತೀನಿ.

ಇನ್ನೊಂದು, ನಾಲ್ಕು ಜನ 'ಏನಾದ್ರೂ ಬೇಕಿದ್ರೆ ಹೇಳು' ಅಂದಿದಾರೆ. ಆ ಹೊತ್ತಲ್ಲಿ ಏನು ಬೇಕು ಅಂತ ಅವಳಿಗೇ ಗೊತ್ತಿರಲ್ಲ ಪುಟ್ಟಿ, ಹೇಳೋದು ಇನ್ನೆಲ್ಲಿ. ಆ ನಾಲ್ಕು ಜನರನ್ನ ಕೂರಿಸಿ ಅವಳ ಯಾವ ಕೆಲಸ ಯಾರು ತಗೋತೀರ ಅಂತ ಕೇಳು, ತಗೊಂಡಿದ್ದನ್ನ ಮಾತ್ರ ಬರಿ. 'ಎಷ್ಟು ದಿನ ಬೇಕಾದ್ರೂ ರಜೆ ತಗೋ' ಅಂತ ಒಬ್ರು ಹಾಕಿದಾರಲ್ಲ, ಅದನ್ನ ಮ್ಯಾನೇಜರ್ ಬಾಯಲ್ಲಿ ಹೂಂ ಅನ್ನಿಸಿಕೊಳ್ಳದೆ ಸೇರಿಸಬೇಡ, ಕಂಪನಿಗೊಂದು ರೂಲ್ ಇರುತ್ತೆ, ಆಮೇಲೆ ಸಂಬಳ ಕಟ್ ಆದ್ರೆ ಲೆಟರೇ ಸುಳ್ಳಾಗುತ್ತೆ.

ನಾನಾಗಿದ್ರೆ ಹೀಗೆ ಬರೀತಿದ್ದೆ, ಮೇಲೆ ಅವಳ ಹೆಸರು ಹಾಕ್ಕೋ:

'ನಿಮ್ಮ ತಂದೆಯವರು ತೀರಿಕೊಂಡ ಸುದ್ದಿ ಕೇಳಿ ನಮಗೆಲ್ಲ ತುಂಬ ದುಃಖವಾಗಿದೆ. ಹೋದ ಬೇಸಿಗೆಯಲ್ಲಿ ಅವರು ಆಫೀಸಿಗೆ ಬಂದಾಗ ಸೆಕ್ಯುರಿಟಿಯವರನ್ನೂ ಕರೆದು ಮಾವಿನಹಣ್ಣು ಕೊಟ್ಟಿದ್ದನ್ನು ಎಲ್ಲರೂ ನೆನೆಸಿಕೊಳ್ಳುತ್ತಿದ್ದೇವೆ. ದಿನಾ ಸಂಜೆ ನೀವು ಅವರಿಗೆ ಫೋನ್ ಮಾಡುವುದನ್ನು ನೋಡಿದ್ದೇವೆ, ಈ ಅಗಲಿಕೆ ನಿಮಗೆ ಎಷ್ಟು ದೊಡ್ಡದು ಎಂದು ಬಲ್ಲೆವು. ತಿಂಗಳ ಕೊನೆಯ ರಿಪೋರ್ಟನ್ನು ನಾವೇ ಮುಗಿಸುತ್ತೇವೆ, ಅದರ ಯೋಚನೆ ಬೇಡ. ನಿಮ್ಮ ತಾಯಿಯವರಿಗೂ ಮನೆಯವರಿಗೂ ನಮ್ಮ ಸಂತಾಪ ತಿಳಿಸಿ. ಇದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ.'

ರಿಪೋರ್ಟ್ ಅಂತ ನಾನು ಉದಾಹರಣೆಗೆ ಹಾಕಿದೀನಿ ಅಷ್ಟೇ, ಅಲ್ಲಿ ಆ ನಾಲ್ಕು ಜನ ನಿಜವಾಗಿ ತಗೊಂಡ ಕೆಲಸ ಹಾಕ್ಕೋ. ಸಂಜೆ ಫೋನ್ ವಿಷಯ ನೀನೇ ಒಂದ್ಸಲ ನನ್ನ ಹತ್ರ ಹೇಳಿದ್ದೆ, ಅದಕ್ಕೆ ಸೇರಿಸಿದೆ, ಅವಳಿಗೆ ಹಿಡಿಸಲ್ಲ ಅನ್ನಿಸಿದ್ರೆ ತೆಗೆದುಬಿಡು. ಮಾವಿನಹಣ್ಣಿನ ಮಾತು ಬರೆದವರಿಗೂ 'ನಿಮ್ಮ ಮಾತು ಹಾಕಿದೀನಿ, ಆಗಬಹುದಾ' ಅಂತ ತೋರಿಸು. ಕೊನೇ ಸಾಲು ಮಾತ್ರ ಬಿಡಲೇಬೇಡ. ಅಮ್ಮನ ಕಾರ್ಯದ ಗಡಿಬಿಡೀಲಿ ಗ್ರೂಪಲ್ಲಿ ಒಬ್ಬೊಬ್ರಿಗೂ ಥ್ಯಾಂಕ್ಸ್ ಅಂತ ಟೈಪ್ ಮಾಡ್ಕೊಂಡು ಕೂತಿದ್ದೆ ನಾನು, ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ರೆ ತಪ್ಪಾಗುತ್ತಲ್ಲ ಅಂತ. ಅದಕ್ಕೇ ಗ್ರೂಪಲ್ಲಿ ಹಾಕದೆ ಅವಳೊಬ್ಬಳ ನಂಬರಿಗೆ ಕಳಿಸು, ಸಾಧ್ಯವಾದ್ರೆ ಪ್ರಿಂಟ್ ತೆಗೆದು ಎಲ್ಲರೂ ಕೈಯಾರೆ ಸೈನ್ ಮಾಡಿ, ಕಾರ್ಯಕ್ಕೆ ಹೋಗೋರ ಕೈಲಿ ಕೊಟ್ಟು ಕಳಿಸಿ. ಹೆಸರುಗಳನ್ನ ಡೆಸಿಗ್ನೇಷನ್ ಪ್ರಕಾರ ಬೇಡ, ಅಕ್ಷರದ ಪ್ರಕಾರ ಹಾಕು. ಬರೆದಾದ್ಮೇಲೆ ನಂಗೊಂದ್ಸಲ ಕಳಿಸು, ರಾತ್ರಿ ಊಟ ಆದ್ಮೇಲೆ ನೋಡಿ ಹೇಳ್ತೀನಿ.