ಆದೇಶದಲ್ಲಿ ಡಜನ್, ಬಿಲ್ಲಿನಲ್ಲಿ ಪೀಸ್: ಪ್ರಶ್ನೋತ್ತರ

ಖರೀದಿ ಸಹಾಯಕ: ಡಜನ್ನಿಗೆ 240ರ ದರದಲ್ಲಿ 50 ಡಜನ್ ಬ್ರಷ್‌ಗಳಿಗೆ ಆದೇಶ ಕೊಟ್ಟಿದ್ದೆವು, ಉಗ್ರಾಣದವರು 50 ಡಜನ್ ಸ್ವೀಕರಿಸಿದ್ದಾರೆ. ಬಿಲ್ಲಿನಲ್ಲಿ 600 ಪೀಸ್, ದರ 20 ಎಂದಿತ್ತು. ಬಿಲ್ಲು ತಡೆಗೆ ಬಿದ್ದಾಗ ಸಹೋದ್ಯೋಗಿಯೊಬ್ಬರು ಆದೇಶವನ್ನೇ 600 ಮತ್ತು 20 ಎಂದು ತಿದ್ದಿ, ತಡೆಯನ್ನು ತೆರವುಗೊಳಿಸಿ ಹಣ ಪಾವತಿಸಿದರು. ಈಗ ಆದೇಶದಲ್ಲಿ 550 ಬಾಕಿ ಎಂದು ಕಾಣುತ್ತಿದೆ. ಮೊತ್ತ ಎರಡೂ ಕಡೆ 12,000 ಇರುವುದರಿಂದ ಹಾಗೆಯೇ ಬಿಡಬಹುದೇ ಮೇಡಂ?

ಲೆಕ್ಕಪರಿಶೋಧಕಿ: ಬಿಡಬಾರದು. ನಿಮ್ಮ ಸಹೋದ್ಯೋಗಿ ಸಂಖ್ಯೆಯನ್ನೂ ದರವನ್ನೂ ತಿದ್ದಿ, ಯೂನಿಟ್ ಅನ್ನು ಮಾತ್ರ ಡಜನ್ ಆಗಿಯೇ ಉಳಿಸಿದ್ದಾರೆ; ಯೂನಿಟ್ ಪೀಸ್ ಆಗಿದ್ದರೆ ಬಂದ 50 ಡಜನ್ 600 ಪೀಸ್ ಎಂದು ಎಣಿಕೆಯಾಗಿ ಬಾಕಿ ಸೊನ್ನೆಯಾಗುತ್ತಿತ್ತು. ಈಗ ದಾಖಲೆಯ ಪ್ರಕಾರ ನೀವು ಡಜನ್ನಿಗೆ 20ರಂತೆ 600 ಡಜನ್ ಕೊಂಡಿದ್ದೀರಿ, ಅದರಲ್ಲಿ 550 ಡಜನ್ ಇನ್ನೂ ಬರಬೇಕಾಗಿದೆ. ಬಾರದ ಆ ಸರಕನ್ನು ನಂಬಿ ದಾಸ್ತಾನು ಯೋಜನೆಯವರು ಮುಂದಿನ ಆದೇಶವನ್ನೇ ಕೊಡದಿರಬಹುದು. ಕೊಟ್ಟರೂ, ತಂತ್ರಾಂಶವು ಹಿಂದಿನ ದರವನ್ನು ತಾನಾಗಿ ಎತ್ತಿಕೊಳ್ಳುವಂತಿದ್ದರೆ, ಡಜನ್ನಿಗೆ 20 ಎಂಬ ಆದೇಶ ಪೂರೈಕೆದಾರರ ಕೈ ಸೇರುತ್ತದೆ.

ಸರಕು ಬಂದು ಬಿಲ್ಲು ಬರುವವರೆಗೆ ಮೌಲ್ಯವನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಖಾತೆಯನ್ನೂ ನೋಡಿ. ಕೆಲವು ತಂತ್ರಾಂಶಗಳಲ್ಲಿ ಅಲ್ಲಿ ಮೊತ್ತ ಸೊನ್ನೆಯಾಗಿ ಕಾಣುತ್ತದೆ, ಆದರೆ ಪ್ರಮಾಣದ ಕಾಲಮ್ಮಿನಲ್ಲಿ 550 ಉಳಿದಿರುತ್ತದೆ. ಇನ್ನು ಕೆಲವುಗಳಲ್ಲಿ ಬಾರದ 550 ಡಜನ್ನಿನ ಮೌಲ್ಯವೆಂದು 11,000 ಬಾಕಿ ನಿಂತು, ಅಷ್ಟೇ ಮೊತ್ತ ದರ ವ್ಯತ್ಯಾಸದ ಖಾತೆಗೆ ಹೋಗಿರುತ್ತದೆ. ಎರಡನೆಯದಾದರೆ ವರ್ಷಾಂತ್ಯಕ್ಕೆ ಯಾರಿಗೂ ಅರ್ಥವಾಗದ ಲಾಭವೊಂದು ಹುಟ್ಟಿರುತ್ತದೆ.

ಸರಿಪಡಿಸುವಾಗ ಕ್ರಮ ತಪ್ಪಬಾರದು. ಹಣ ಬ್ಯಾಂಕಿನಿಂದ ಹೋಗಿರುವುದರಿಂದ ಪಾವತಿಯನ್ನು ರದ್ದು ಮಾಡದೆ, ಅದಕ್ಕೂ ಬಿಲ್ಲಿಗೂ ಇರುವ ಹೊಂದಾಣಿಕೆಯನ್ನು ಮಾತ್ರ ಬಿಡಿಸಿ. ಬಳಿಕ ಬಿಲ್ಲಿನ ನಮೂದನ್ನು ಹಿಂತಿರುಗಿಸಿ. ಅದಾದ ಮೇಲೆಯೇ ಆದೇಶವನ್ನು 50 ಡಜನ್, ದರ 240 ಎಂದು ಮರಳಿ ತಿದ್ದಿ. ಬಿಲ್ಲು 600ಕ್ಕೆ ನಿಂತಿರುವಾಗ ಆದೇಶವನ್ನು 50ಕ್ಕೆ ಇಳಿಸಲು ಹೋದರೆ ಬಹುತೇಕ ತಂತ್ರಾಂಶಗಳು ಒಪ್ಪುವುದಿಲ್ಲ, ಒಪ್ಪಿದರೆ ಅದು ಇನ್ನೂ ಕೆಟ್ಟದ್ದು. ನಂತರ ವಸ್ತುವಿನ ಮೂಲ ದಾಖಲೆಯಲ್ಲಿ 1 ಡಜನ್ ಎಂದರೆ 12 ಪೀಸ್ ಎಂಬ ಪರಿವರ್ತನೆ ಇದೆಯೇ ಎಂದು ನೋಡಿ, ಬಿಲ್ಲನ್ನು ಅದರಲ್ಲಿರುವಂತೆಯೇ 600 ಪೀಸ್, ದರ 20 ಎಂದು ನಮೂದಿಸಿ, ಪಾವತಿಯನ್ನು ಮತ್ತೆ ಹೊಂದಿಸಿ. ಬಂದದ್ದು 50, ಬಿಲ್ಲಾದದ್ದು 50, ಬಾಕಿ ಸೊನ್ನೆ ಎಂದು ಆದೇಶ ತೋರಿಸಿದರೆ ಕೆಲಸ ಮುಗಿಯಿತು. ಹಳೆಯ ತಿಂಗಳ ಲೆಕ್ಕ ಮುಚ್ಚಿದ್ದರೆ, ಹಿಂತಿರುಗಿಸುವ ನಮೂದನ್ನೂ ಹೊಸ ನಮೂದನ್ನೂ ಈ ತಿಂಗಳಿನ ಒಂದೇ ದಿನಾಂಕದಲ್ಲಿ ಹಾಕಿ.

ಬಿಲ್ ವಿಭಾಗದವರು: ಹಾಗಾದರೆ ಬಿಲ್ಲನ್ನು ಪೂರೈಕೆದಾರರಿಗೆ ಹಿಂದಿರುಗಿಸಿ ಡಜನ್ನಿನಲ್ಲಿ ಬರೆಸಿಕೊಳ್ಳಬೇಕಲ್ಲವೇ?

ಲೆಕ್ಕಪರಿಶೋಧಕಿ: ಬೇಡ. 600 ಪೀಸ್ ಎಂಬುದು ಸತ್ಯ, ಮೊತ್ತವೂ ಸರಿ. ಸರಿಯಿರುವ ದಾಖಲೆಯನ್ನು ತಿದ್ದಿಸುವುದಿಲ್ಲ.

ಒಬ್ಬ ಸದಸ್ಯರು: ಬೇರೊಂದು ಗುಂಪಿನಲ್ಲಿ ಬಂದ ಸಂದೇಶವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ: “ಯೂನಿಟ್ ತೊಂದರೆಗೆ ಶಾಶ್ವತ ಪರಿಹಾರ! ಪ್ರಮಾಣದ ಹೋಲಿಕೆಯನ್ನು ಆಫ್ ಮಾಡಿ, ಮೊತ್ತವನ್ನು ಮಾತ್ರ ಹೋಲಿಸಿ.”

ಲೆಕ್ಕಪರಿಶೋಧಕಿ: ಇದೇ ಸಂದೇಶ ನನಗೆ ಮೂರನೆಯ ಬಾರಿ ಬರುತ್ತಿದೆ. ಮೇಲಿನ ಬ್ರಷ್‌ಗಳಲ್ಲಿ 40 ಡಜನ್ ಮಾತ್ರ ಬಂದಿತ್ತೆಂದು ಇಟ್ಟುಕೊಳ್ಳಿ. ಬಿಲ್ಲಿನ 12,000 ಆದೇಶದ 12,000ಕ್ಕೆ ಹೊಂದುತ್ತದೆ, ತಡೆ ಬೀಳುವುದಿಲ್ಲ, ಬಾರದ 120 ಪೀಸಿಗೆ ನೀವು 2,400 ಕೊಟ್ಟಿರುತ್ತೀರಿ. ದಯವಿಟ್ಟು ಇದನ್ನು ಯಾರಿಗೂ ಕಳುಹಿಸಬೇಡಿ.

ತಂತ್ರಾಂಶ ನೋಡಿಕೊಳ್ಳುವವರು: ಪರಿವರ್ತನೆಯನ್ನು ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ನನ್ನ ಅನುಭವ ಕೂಡ. ನಾನು 1 ಪೀಸ್ ಎಂದರೆ 0.0833 ಡಜನ್ ಎಂದು ಹಾಕಿದ್ದೇನೆ, ಚೆನ್ನಾಗಿ ನಡೆಯುತ್ತಿದೆ.

ಲೆಕ್ಕಪರಿಶೋಧಕಿ: ಅರ್ಧ ಮಾತ್ರ ಸರಿ. 600ನ್ನು 0.0833ರಿಂದ ಗುಣಿಸಿದರೆ 49.98 ಬರುತ್ತದೆ, 50 ಅಲ್ಲ. ಉಳಿದ 0.02 ಡಜನ್ನಿಗಾಗಿ ಆದೇಶ ಎಂದಿಗೂ ಮುಚ್ಚುವುದಿಲ್ಲ. ನಿಮ್ಮಲ್ಲಿ ಮುಚ್ಚದೆ ಉಳಿದ ಹಳೆಯ ಆದೇಶಗಳ ಪಟ್ಟಿಯನ್ನು ತೆಗೆದು ನೋಡಿ, ನಡೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಪರಿವರ್ತನೆಯನ್ನು ಯಾವಾಗಲೂ ಪೂರ್ಣಾಂಕ ಬರುವ ದಿಕ್ಕಿನಲ್ಲಿಯೇ ಬರೆಯಬೇಕು.

ತಂತ್ರಾಂಶ ನೋಡಿಕೊಳ್ಳುವವರು: ನೋಡಿದೆ. ಹನ್ನೊಂದು ಆದೇಶಗಳಿವೆ.

ಉಗ್ರಾಣದವರು: ಇದೆಲ್ಲದರ ಮೂಲ ಖರೀದಿ ವಿಭಾಗ. ನಾವು ಬಿಡಿಯಾಗಿ ಎಣಿಸಿ ಕೊಡುವ ವಸ್ತುವಿಗೆ ಅವರು ಡಜನ್ನಿನಲ್ಲಿ ಆದೇಶ ಬರೆಯುತ್ತಾರೆ.

ಖರೀದಿ ಸಹಾಯಕ: ಪೂರೈಕೆದಾರರ ದರಪಟ್ಟಿಯೇ ಡಜನ್ನಿನಲ್ಲಿದ್ದರೆ ನಾವೇನು ಮಾಡಬೇಕು? ಸ್ವೀಕರಿಸುವಾಗ ಯೂನಿಟ್ ಯಾವುದೆಂದು ಓದುವುದು ಉಗ್ರಾಣದ ಕೆಲಸ.

ಉಗ್ರಾಣದವರು: ಓದುತ್ತೇವೆ. ಆದೇಶವನ್ನು ತಿದ್ದಿದವರು ನಾವಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಖರೀದಿ ಸಹಾಯಕ: ಕಳೆದ ವರ್ಷ 600 ಡಜನ್ ಸ್ವೀಕರಿಸಿದ್ದೇವೆ ಎಂದು ನಮೂದಿಸಿ, 7,200 ಪೀಸ್ ದಾಸ್ತಾನು ತೋರಿಸಿದ ಉಗ್ರಾಣ ಯಾವುದೆಂದೂ ನೆನಪಿದೆ.

ಲೆಕ್ಕಪರಿಶೋಧಕಿ: ಈ ಜಗಳ ಇಲ್ಲಿ ಬೇಡ. ಖರೀದಿ ಡಜನ್ನಿನಲ್ಲಿ, ದಾಸ್ತಾನು ಪೀಸಿನಲ್ಲಿ ಇರುವುದು ತಪ್ಪಲ್ಲ. ಎರಡರ ನಡುವೆ ಪರಿವರ್ತನೆ ಇಲ್ಲದಿರುವುದು ತಪ್ಪು.

ಹೊಸ ಸದಸ್ಯೆ: ನಮ್ಮಲ್ಲಿ ತಂತಿಯನ್ನು ಕಿಲೋ ಲೆಕ್ಕದಲ್ಲಿ ಆದೇಶಿಸುತ್ತೇವೆ, ಬಿಲ್ಲು ಮೀಟರಿನಲ್ಲಿ ಬರುತ್ತದೆ. ಇದಕ್ಕೂ 12ರಿಂದ ಭಾಗಿಸಬಹುದೇ?

ಸಗಟು ವ್ಯಾಪಾರಿ: ನನ್ನದು ಪೆಟ್ಟಿಗೆಯ ತೊಂದರೆ. ಒಂದೇ ವಸ್ತುವಿಗೆ ಒಬ್ಬ ಪೂರೈಕೆದಾರರ ಪೆಟ್ಟಿಗೆಯಲ್ಲಿ 10, ಮತ್ತೊಬ್ಬರದರಲ್ಲಿ 12 ಇರುತ್ತದೆ.

ಲೆಕ್ಕಪರಿಶೋಧಕಿ: ಡಜನ್ ಎಲ್ಲೆಡೆಯೂ 12 ಆಗಿರುವಂತೆ ಪೆಟ್ಟಿಗೆಗೆ ನಿಶ್ಚಿತ ಸಂಖ್ಯೆಯಿಲ್ಲ. ಆದ್ದರಿಂದ ಪೆಟ್ಟಿಗೆಯ ಪರಿವರ್ತನೆಯನ್ನು ಇಡೀ ಸಂಸ್ಥೆಗೆ ಒಂದೇ ಎಂದು ಹಾಕದೆ, ವಸ್ತು ಮತ್ತು ಪೂರೈಕೆದಾರರ ಜೋಡಿಗೆ ಬೇರೆ ಬೇರೆಯಾಗಿ ಹಾಕಿ. ನಿಮ್ಮ ತಂತ್ರಾಂಶದಲ್ಲಿ ಅದು ಸಾಧ್ಯವಿಲ್ಲದಿದ್ದರೆ, “10ರ ಪೆಟ್ಟಿಗೆ”, “12ರ ಪೆಟ್ಟಿಗೆ” ಎಂದು ಎರಡು ಯೂನಿಟ್‌ಗಳನ್ನು ಮಾಡಿಕೊಳ್ಳಿ.

ಮತ್ತೊಬ್ಬ ಸದಸ್ಯರು: ಡಜನ್ನಿನ ದರ 250 ಇದ್ದರೆ ಪೀಸಿನ ದರ 20.83 ಆಗುತ್ತದೆ. 600 ಪೀಸಿಗೆ 12,498 ಬರುತ್ತದೆ, ಆದೇಶದಲ್ಲಿ 12,500 ಇದೆ. ಈ 2ರ ವ್ಯತ್ಯಾಸಕ್ಕಾಗಿ ಬಿಲ್ಲನ್ನು ಹಿಂದಿರುಗಿಸಬೇಕೇ?

ಲೆಕ್ಕಪರಿಶೋಧಕಿ: ಹಿಂದಿರುಗಿಸುವ ಪ್ರಶ್ನೆಗೆ ಮೇಲೆಯೇ ಉತ್ತರಿಸಿದ್ದೇನೆ. ದರವನ್ನು “12 ಪೀಸಿಗೆ 250” ಎಂದು ನಮೂದಿಸಿ; ಉಳಿದ 2ನ್ನು ಸಣ್ಣ ವ್ಯತ್ಯಾಸದ ಮಿತಿಯೊಳಗೆ ಬಿಡಿ. ಮಿತಿ ಇರುವುದು ಇಂಥದ್ದಕ್ಕೆ, ಹನ್ನೆರಡು ಪಟ್ಟಿನ ತಪ್ಪನ್ನು ಮುಚ್ಚುವುದಕ್ಕಲ್ಲ.

ಬಿಲ್ ವಿಭಾಗದವರು: ಇಂಥ ತಪ್ಪುಗಳು ಹಿಂದೆ ಎಷ್ಟಾಗಿವೆ ಎಂದು ಹುಡುಕುವುದು ಹೇಗೆ? ಹಾಗೆಯೇ ಬಿಲ್ಲನ್ನು ಹಿಂದಿರುಗಿಸದಿದ್ದರೆ ಮೇಲಧಿಕಾರಿಗಳು ಒಪ್ಪುವುದಿಲ್ಲ ಎಂಬುದನ್ನೂ ಹೇಳಲೇಬೇಕಾಗಿದೆ.

ಲೆಕ್ಕಪರಿಶೋಧಕಿ: ಎರಡನೆಯದಕ್ಕೆ ಮೂರನೆಯ ಬಾರಿ ಉತ್ತರಿಸುವುದಿಲ್ಲ. ಮೊದಲನೆಯದಕ್ಕೆ: ಪ್ರತಿ ಆದೇಶದ ಸಾಲಿನ ಸ್ವೀಕೃತ ಪ್ರಮಾಣವನ್ನು C ಕಾಲಮ್ಮಿನಲ್ಲಿ, ಬಿಲ್ಲಾದ ಪ್ರಮಾಣವನ್ನು D ಕಾಲಮ್ಮಿನಲ್ಲಿ ಇಟ್ಟು, ಇನ್ನೊಂದು ಕಾಲಮ್ಮಿನಲ್ಲಿ ಇದನ್ನು ಹಾಕಿ.

```
=ROUND(D2/C2,2)
```

1 ಬಂದ ಸಾಲುಗಳನ್ನು ಬಿಡಿ. 12 ಅಥವಾ 0.08 ಬಂದರೆ ಡಜನ್-ಪೀಸ್ ಗೊಂದಲವೆಂದು ಹೆಚ್ಚುಕಡಿಮೆ ಖಚಿತ. 10 ಬಂದರೆ ಪೆಟ್ಟಿಗೆಯನ್ನು ಅನುಮಾನಿಸಿ. 0.8 ಅಥವಾ 1.25ರಂಥದ್ದು ಬಂದರೆ ಅದು ಯೂನಿಟ್ಟಿನ ತಪ್ಪಾಗಿರುವುದು ಅಪರೂಪ, ಸರಕು ನಿಜವಾಗಿಯೇ ಕಡಿಮೆ ಅಥವಾ ಹೆಚ್ಚು ಬಂದಿರಬಹುದು. ಉಗ್ರಾಣವೂ ಬಿಲ್ ವಿಭಾಗವೂ ಒಂದೇ ತಪ್ಪು ಮಾಡಿದ್ದರೆ ಇಲ್ಲಿ 1 ಎಂದೇ ಬರುತ್ತದೆ. ಅದನ್ನು ಕಪಾಟಿನ ಮುಂದೆ ನಿಂತು ಎಣಿಸಿಯೇ ಕಂಡುಹಿಡಿಯಬೇಕು.

ಉಗ್ರಾಣದವರು: ಎಣಿಸಲು ಖರೀದಿ ವಿಭಾಗದವರೂ ಬರಲಿ.

ಹೊಸ ಸದಸ್ಯೆ: ತಂತಿಯ ಬಗ್ಗೆ ಯಾರಾದರೂ ಹೇಳುತ್ತೀರಾ?