ಎರಡು ಸಲವೂ ಹಣದುಬ್ಬರ ಇಳಿದಿತ್ತು, ಪೇಟೆ ಒಂದೇ ಸಲ ಏರಿದ್ದೇಕೆ?

ಪ್ರಶ್ನೆ: 2022ರ ಸೆಪ್ಟೆಂಬರ್‌ನಲ್ಲಿ ಬಂದ ವರದಿಯಲ್ಲಿ ಅಮೆರಿಕದ ಹಣದುಬ್ಬರ ಶೇ 8.5ರಿಂದ 8.3ಕ್ಕೆ ಇಳಿದಿತ್ತು, ಷೇರು ಬಿದ್ದವು. ನವೆಂಬರ್ ವರದಿಯಲ್ಲಿ 8.2ರಿಂದ 7.7ಕ್ಕೆ ಇಳಿಯಿತು, ಷೇರು ಹಾರಿದವು. ಎರಡೂ ಇಳಿಕೆಯೇ ತಾನೆ? ನಮ್ಮ ರೂಪಾಯಿ ಮೇಲೂ ಪರಿಣಾಮ ಆಯ್ತಲ್ಲ, ಹೇಗೆ?

ಬ್ಯಾಂಕ್ ಟ್ರೆಷರಿ ಡೀಲರ್: ಹಿಂದಿನ ತಿಂಗಳ ಅಂಕಿ ಪೇಟೆಗೆ ಹಳೇ ಸುದ್ದಿ. ವರದಿಗೆ ಮುಂಚೆ ಅರ್ಥಶಾಸ್ತ್ರಜ್ಞರು ಕೊಟ್ಟ ಅಂದಾಜು ಆಗಲೇ ಬೆಲೆಯಲ್ಲಿ ಸೇರಿರುತ್ತೆ. ಸೆಪ್ಟೆಂಬರ್ 13ಕ್ಕೆ ಅಂದಾಜು ಇದ್ದದ್ದು 8.1, ಬಂದದ್ದು 8.3. ಆಹಾರ, ಇಂಧನ ಬಿಟ್ಟ ಕೋರ್ ಬೆಲೆಗಳು ಒಂದು ತಿಂಗಳಲ್ಲಿ ಶೇ 0.3 ಏರಬಹುದು ಅಂದುಕೊಂಡಿದ್ದರೆ 0.6 ಏರಿದ್ದವು. ಅಮೆರಿಕದ ಷೇರು ಸೂಚ್ಯಂಕ ಎಸ್ ಅಂಡ್ ಪಿ 500 ಅಂದು ಶೇ 4.3 ಕುಸಿಯಿತು. ನವೆಂಬರ್ 10ಕ್ಕೆ ತಿರುಗುಮುರುಗು: 7.9 ಅಂದುಕೊಂಡಿದ್ದಲ್ಲಿ 7.7, ಕೋರ್ 0.5 ಅಂದುಕೊಂಡಿದ್ದಲ್ಲಿ 0.3. ಸೂಚ್ಯಂಕ ಶೇ 5.5 ಏರಿತು, ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರೋ ನಾಸ್ಡಾಕ್ ಶೇ 7.3ಕ್ಕೂ ಮೇಲೆ. ದೊಡ್ಡ ಹೆಡ್‌ಲೈನ್ ಅಂಕಿಗಿಂತ ಈ ತಿಂಗಳ ಕೋರ್ ಅಂಕಿಯನ್ನೇ ಮೊದಲು ನೋಡಿ. ವರ್ಷದ ಅಂಕಿಯಲ್ಲಿ ಹನ್ನೊಂದು ತಿಂಗಳ ಹಳೇ ಲೆಕ್ಕ ಸೇರಿರುತ್ತೆ.

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಅಷ್ಟರಲ್ಲಿ ನಾಲ್ಕು ಸಭೆಗಳಲ್ಲಿ ಸತತವಾಗಿ 0.75 ಶೇಕಡಾ ಅಂಶದಂತೆ ಬಡ್ಡಿ ಏರಿಸಿತ್ತು. 7.7 ಕಂಡ ಕೂಡಲೇ ಡಿಸೆಂಬರ್‌ನಲ್ಲಿ 0.50 ಸಾಕು ಅಂತ ಪೇಟೆ ಲೆಕ್ಕ ಹಾಕಿತು. ಮೊದಲು ಅಲುಗಿದ್ದು ಎರಡು ವರ್ಷದ ಅಮೆರಿಕ ಸರ್ಕಾರಿ ಬಾಂಡ್ ಇಳುವರಿ, ಅಂದರೆ ಅದನ್ನು ಕೊಂಡವರಿಗೆ ಸಿಗೋ ಆದಾಯ. ಅದು ಸುಮಾರು ಕಾಲು ಶೇಕಡಾ ಅಂಶ ಇಳಿಯಿತು. ಡಾಲರ್ ಇಟ್ಟುಕೊಂಡರೆ ಸಿಗೋ ಬಡ್ಡಿ ಕಡಿಮೆಯಾಗುತ್ತೆ ಅಂದಮೇಲೆ ಡಾಲರ್ ಯಾಕೆ ಬೇಕು? ಜಪಾನಿನ ಯೆನ್ ಎದುರು 146ರ ಆಸುಪಾಸಿನಲ್ಲಿದ್ದ ಡಾಲರ್ ಒಂದೇ ದಿನದಲ್ಲಿ 141ಕ್ಕೆ ಬಂತು. ಮರುದಿನ ನಮ್ಮಲ್ಲೂ ರೂಪಾಯಿ ಗಟ್ಟಿಯಾಗಿ ಡಾಲರ್ 80.80ರ ಹತ್ತಿರ ಮುಗಿಯಿತು.

ಸದಸ್ಯರು, ಹುಬ್ಬಳ್ಳಿ: ಹಾಗಾದ್ರೆ ರೂಪಾಯಿ ಗಟ್ಟಿಯಾದಾಗ ನಮ್ಮ ಐಟಿ ಷೇರು ಬೀಳಲೇಬೇಕು. ಅವರಿಗೆ ಬರೋದು ಡಾಲರ್‌ನಲ್ಲಿ.

ಡೀಲರ್: ಅರ್ಧ ಸರಿ ಸರ್. ಬೇರೇನೂ ಬದಲಾಗದಿದ್ದರೆ ನೀವು ಹೇಳಿದಂತೆಯೇ. ಆದರೆ ನವೆಂಬರ್ 11ರಂದು ನಿಫ್ಟಿ ಐಟಿ ಶೇ 3ಕ್ಕಿಂತ ಹೆಚ್ಚೇ ಏರಿತು. ಕಾರಣ ಲೆಕ್ಕದಲ್ಲೇ ಸಿಗುತ್ತೆ. ಹತ್ತು ವರ್ಷದ ನಂತರ ಕೈಗೆ ಬರೋ 100 ರೂಪಾಯಿಗೆ ಶೇ 10ರ ಬಡ್ಡಿ ದರದಲ್ಲಿ ಇವತ್ತಿನ ಬೆಲೆ 38.55. ದರ 9.7 ಆದರೆ 39.62, ಅಂದರೆ ಸುಮಾರು ಶೇ 2.8 ಜಾಸ್ತಿ. ಅದೇ 100 ಎರಡೇ ವರ್ಷದಲ್ಲಿ ಬರುವುದಾದರೆ ಹೆಚ್ಚಳ ಶೇ 0.6 ಕೂಡ ಇಲ್ಲ. ಲಾಭ ದೂರದಲ್ಲಿರುವ ಕಂಪನಿಗಳಿಗೆ ದರದ ಏರಿಳಿತ ಜೋರಾಗಿ ತಟ್ಟೋದು ಇದಕ್ಕೇ, ನಾಸ್ಡಾಕ್ ಹೆಚ್ಚು ಹಾರಿದ್ದೂ ಇದಕ್ಕೇ. ಅದರ ಜೊತೆಗೆ ಐಟಿ ಕಂಪನಿಗಳ ಅಮೆರಿಕದ ಗ್ರಾಹಕರು ಖರ್ಚು ಬಿಗಿ ಹಿಡಿಯೋ ಭಯ ಸ್ವಲ್ಪ ಕಡಿಮೆಯಾಯಿತು. ಅವತ್ತು ಈ ಎರಡೂ ಕಾರಣಗಳು ರೂಪಾಯಿ ಗಟ್ಟಿಯಾದ ಪೆಟ್ಟನ್ನು ಮೀರಿದವು. ಪ್ರತಿ ಸಲ ಮೀರುತ್ತವೆ ಅಂತಿಲ್ಲ.

ಸದಸ್ಯೆ, ಮೈಸೂರು: ಮಗನ ಫೀಸು ಡಾಲರ್‌ನಲ್ಲಿ ಕಟ್ಟಬೇಕು. ಇಂಥ ವರದಿ ಬರೋ ತನಕ ಕಾಯಲಾ? ಬ್ಯಾಂಕಿನವರು ಟಿವಿಯಲ್ಲಿ ಬರೋ ರೇಟ್ ಕೊಡೋದೇ ಇಲ್ಲ.

ಡೀಲರ್: ಟಿವಿಯದ್ದು ಬ್ಯಾಂಕ್ ಬ್ಯಾಂಕುಗಳ ನಡುವಿನ ದರ ಮೇಡಂ. ನಿಮಗೆ ಅನ್ವಯ ಆಗೋದು ಹೊರದೇಶಕ್ಕೆ ಹಣ ಕಳಿಸುವವರಿಗೆ ಬ್ಯಾಂಕ್ ಡಾಲರ್ ಮಾರೋ ದರ, ಟಿಟಿ ಸೆಲ್ಲಿಂಗ್ ರೇಟ್, ಅದರಲ್ಲಿ ಬ್ಯಾಂಕಿನ ಮಾರ್ಜಿನ್ ಸೇರಿರುತ್ತೆ. ಮೊತ್ತ ದೊಡ್ಡದಿದ್ದರೆ ಬೆಳಿಗ್ಗೆ ಬ್ಯಾಂಕ್ ನಿಗದಿ ಮಾಡಿದ ಕಾರ್ಡ್ ರೇಟ್ ಬೇಡ, ಟ್ರೆಷರಿಯಿಂದ ಲೈವ್ ರೇಟ್ ತರಿಸಿಕೊಡಿ ಅಂತ ಬ್ರಾಂಚಿನಲ್ಲಿ ಕೇಳಿ. ಅಮೆರಿಕದ ವರದಿ ನಮ್ಮ ಸಂಜೆ 6ಕ್ಕೆ, ಅವರ ಚಳಿಗಾಲದಲ್ಲಿ 7ಕ್ಕೆ ಬರುತ್ತೆ. ಅಷ್ಟೊತ್ತಿಗೆ ನಮ್ಮ ಪೇಟೆ ಮುಚ್ಚಿರುತ್ತೆ, ರೂಪಾಯಿ ಮರುದಿನ ಬೆಳಿಗ್ಗೆ ಒಂದೇ ಜಿಗಿತದಲ್ಲಿ ತೆರೆಯುತ್ತೆ. ಅದು ಯಾವ ಕಡೆಗೆ ಅಂತ ಯಾರಿಗೂ ಗೊತ್ತಿಲ್ಲ. ಗಡುವು ದೂರವಿದ್ದರೆ ಅರ್ಧ ವರದಿಗೆ ಮುಂಚೆ, ಅರ್ಧ ನಂತರ ಕಟ್ಟಿ. ಗಡುವು ಹತ್ತಿರವಿದ್ದರೆ ಕಾಯಬೇಡಿ.

ಹುಬ್ಬಳ್ಳಿ: ಕೊನೆಗೆ ಫೆಡ್ 0.50 ಏರಿಸಿತಲ್ಲ. ಆಗ ಷೇರು ಮತ್ತೆ ಏರಿರಬೇಕು.

ಡೀಲರ್: ಇಲ್ಲ, ಡಿಸೆಂಬರ್ 14ರಂದು ಇಳಿದವು. 0.50 ಎಲ್ಲರಿಗೂ ಗೊತ್ತಿದ್ದದ್ದೇ. ಅದೇ ದಿನ ಬಂದ ಫೆಡ್ ಅಧಿಕಾರಿಗಳ ಅಂದಾಜು ಪಟ್ಟಿಯಲ್ಲಿ 2023ರ ಕೊನೆಯ ದರ 5.1 ಅಂತಿತ್ತು, ಸೆಪ್ಟೆಂಬರ್ ಪಟ್ಟಿಯಲ್ಲಿ ಅದು 4.6 ಆಗಿತ್ತು. ದರ ಪ್ರಕಟವಾದ ದಿನ ಆ ಪಟ್ಟಿಯನ್ನೂ ಫೆಡ್ ಅಧ್ಯಕ್ಷರ ಪತ್ರಿಕಾಗೋಷ್ಠಿಯನ್ನೂ ನೋಡದೆ ಆರ್ಡರ್ ಹಾಕಬೇಡಿ. ಮೊದಲ ಹತ್ತು ನಿಮಿಷದ ದಿಕ್ಕು ಗೋಷ್ಠಿಯ ನಡುವೆ ತಿರುಗಿಬಿಡೋದು ಮಾಮೂಲು.

ಸದಸ್ಯರು, ಮಂಗಳೂರು: ಆ ನವೆಂಬರ್ ವಾರ ನಮ್ಮ ವಿದೇಶಿ ವಿನಿಮಯ ಮೀಸಲು 14.7 ಬಿಲಿಯನ್ ಡಾಲರ್ ಹೆಚ್ಚಿತ್ತು. ಆರ್‌ಬಿಐ ಡಾಲರ್ ಕೊಂಡು ರೂಪಾಯಿಯನ್ನು ತಡೆದಿದೆ, ಇಲ್ಲದಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು.

ಡೀಲರ್: ಕೊಂಡಿರಬಹುದು. ಆದರೆ ಆ ಮೊತ್ತ ಪೂರ್ತಿ ಖರೀದಿ ಅಂತ ಓದಬೇಡಿ. ಮೀಸಲಿನಲ್ಲಿರುವ ಯೂರೊ, ಯೆನ್, ಚಿನ್ನದ ಬೆಲೆ ಡಾಲರ್ ಲೆಕ್ಕದಲ್ಲಿ ಏರಿದ್ದೂ ಅದರಲ್ಲಿದೆ. ಖರೀದಿ ಎಷ್ಟು ಅಂತ ಆರ್‌ಬಿಐ ಬುಲೆಟಿನ್‌ನಲ್ಲಿ ತಡವಾಗಿ, ಇಡೀ ತಿಂಗಳ ಲೆಕ್ಕವಾಗಿ ಬರುತ್ತೆ.

ಮಂಗಳೂರು: ತಿಂಗಳ ಲೆಕ್ಕದಲ್ಲಿ ಆ ಒಂದು ವಾರ ಕಾಣೋದಿಲ್ಲವಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲ.