ಮೀಟರ್‌ನಲ್ಲಿ 230.5, ನನ್ನ ಸ್ಕ್ರೀನಲ್ಲಿ -2.4178e-41

ಮಂಜುನಾಥ: ಮೇಡಂ, ವರ್ಕ್‌ಶಾಪ್‌ನ ಎನರ್ಜಿ ಮೀಟರ್‌ನಿಂದ ಮಾಡ್‌ಬಸ್ ಆರ್‌ಟಿಯು ಮೇಲೆ ವೋಲ್ಟೇಜ್ ಓದ್ತಿದ್ದೀನಿ, ಈ ಕಡೆ ಇಎಸ್‌ಪಿ32. ಮೀಟರ್ 230.5 ಅನ್ನುತ್ತೆ, ನನಗೆ -2.4178e-41 ಬರ್ತಿದೆ. ಈ ಗ್ರೂಪಲ್ಲೇ ಫಾರ್ವರ್ಡ್ ಆಗಿದ್ದ ಟಿಪ್ ನೋಡಿ ಬೈಟ್ ಕ್ರಮ ತಿರುಗಿಸೋ htonl ಹಾಕಿದೆ, 2.3e+23 ಆಯ್ತು. ಮೊದಲ ದಿನ ಕರೆಂಟ್ ಸರಿಯಾಗೇ ಬಂದಿತ್ತು. ಮೀಟರ್ ಕೆಟ್ಟಿದ್ಯಾ?

ಸವಿತಾ (ಫರ್ಮ್‌ವೇರ್): ಎರಡೂ ರಿಜಿಸ್ಟರ್‌ನ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ ಹಾಕಿ. ಆ ದಿನ ಕರೆಂಟ್ ಎಷ್ಟಿತ್ತು?

ಮಂಜುನಾಥ: r[0] = 0x8000, r[1] = 0x4366. ಕರೆಂಟ್ 0, ಲೋಡ್ ಹಾಕಿರ್ಲಿಲ್ಲ.

ಸವಿತಾ: ಸೊನ್ನೆಯನ್ನ ಹೇಗೆ ತಿರುಗಿಸಿದ್ರೂ ಸೊನ್ನೆನೇ. ಅದನ್ನ ನೋಡಿ ಸರಿಯಿದೆ ಅಂದ್ಕೊಂಡಿದ್ದೇ ಮೊದಲ ತಪ್ಪು.

ಮೀಟರ್ ಚೆನ್ನಾಗಿದೆ. 230.5 ಅನ್ನೋ ಫ್ಲೋಟ್ 0x43668000. ಮಾಡ್‌ಬಸ್ ರಿಜಿಸ್ಟರ್ 16 ಬಿಟ್ ಮಾತ್ರ, ಹಾಗಾಗಿ ಇದು ಎರಡು ತುಂಡಾಗಿ ಬರುತ್ತೆ. ಒಂದು ತುಂಡಿನ ಒಳಗೆ ದೊಡ್ಡ ಬೈಟ್, ಅಂದ್ರೆ ಹೆಚ್ಚು ಸ್ಥಾನಬೆಲೆಯದ್ದು, ಮೊದಲು ಅಂತ ಮಾಡ್‌ಬಸ್ ಹೇಳಿದೆ. ಯಾವ ತುಂಡು ಮೊದಲು ಅನ್ನೋದನ್ನ ಹೇಳಿಲ್ಲ, ತಯಾರಕರು ಅವರವರಿಗೆ ತೋಚಿದ ಹಾಗೆ ಮಾಡ್ತಾರೆ. ನಿಮ್ಮ ಮೀಟರ್ ಚಿಕ್ಕ ತುಂಡನ್ನ ಮೊದಲು ಕಳಿಸ್ತಿದೆ. ನೀವು ಬಂದ ಕ್ರಮದಲ್ಲೇ ಜೋಡಿಸಿದ್ರಿ, 0x80004366 ಆಯ್ತು. ಫ್ಲೋಟ್‌ನಲ್ಲಿ ಮೊದಲ ಬಿಟ್ ಚಿಹ್ನೆ, ಅದಕ್ಕೇ ಮೈನಸ್ ಬಂತು. htonl ನಾಲ್ಕೂ ಬೈಟ್‌ಗಳನ್ನ ಹಿಂದು ಮುಂದು ಮಾಡಿ 0x66430080 ಮಾಡ್ತು. ತಿರುಗಿಸಬೇಕಿದ್ದದ್ದು ತುಂಡುಗಳನ್ನ, ಒಳಗಿನ ಬೈಟ್‌ಗಳನ್ನಲ್ಲ.

```c
uint32_t u = ((uint32_t)r[1] << 16) | r[0];
float v;
memcpy(&v, &u, sizeof v);
```

ಶಿಫ್ಟ್ ಬೆಲೆಯ ಮೇಲೆ ಕೆಲಸ ಮಾಡುತ್ತೆ, ಮೆಮೊರಿಯ ಕ್ರಮದ ಮೇಲಲ್ಲ. ಹಾಗಾಗಿ ಚಿಪ್ ಚಿಕ್ಕ ಬೈಟ್ ಮೊದಲಿಡೋ ಲಿಟಲ್ ಎಂಡಿಯನ್ ಆಗಲಿ, ದೊಡ್ಡದನ್ನ ಮೊದಲಿಡೋ ಬಿಗ್ ಎಂಡಿಯನ್ ಆಗಲಿ ಇದೇ ಕೋಡ್ ನಡೆಯುತ್ತೆ.

ನನಗೆ ಭಯ ಇರೋದು ನಿಮ್ಮ ಯೂನಿಟ್ ಕೌಂಟರ್ ಮೇಲೆ. ಫ್ಲೋಟ್ ತಿರುಗಿದ್ರೆ ಹುಚ್ಚು ಸಂಖ್ಯೆ ಬಂದು ಗೊತ್ತಾಗುತ್ತೆ. ಆದ್ರೆ 32 ಬಿಟ್ ಪೂರ್ಣಾಂಕದಲ್ಲಿ 3 ಯೂನಿಟ್ ತಿರುಗಿದ್ರೆ 1,96,608 ಆಗುತ್ತೆ. ಹಳೇ ಮೀಟರ್ ಅಲ್ವಾ ಅಂತ ನಂಬಿಬಿಡ್ತೀರಿ. ಅದು ಫ್ಲೋಟಾ, ಪೂರ್ಣಾಂಕವಾ, ಯಾವ ತುಂಡು ಮೊದಲು ಅಂತ ಮ್ಯಾನ್ಯುಯಲ್‌ನಲ್ಲಿ ಬೇರೆಯಾಗಿ ನೋಡಿ, ಮೀಟರ್ ಮುಖದ ಅಂಕಿ ಜೊತೆ ತಾಳೆ ಹಾಕಿ.

ರಘು: ಮಾಡ್‌ಬಸ್ ಪೂರ್ತಿ ಬಿಗ್ ಎಂಡಿಯನ್ ಮೇಡಂ, ಅದರಲ್ಲಿ ಎರಡು ಮಾತೇ ಇಲ್ಲ.

ಸವಿತಾ: ಆರ್‌ಟಿಯು ಫ್ರೇಮ್‌ನ ಕೊನೆಯಲ್ಲಿ ತಪ್ಪು ಹಿಡಿಯೋಕೆ ಇರೋ ಸಿಆರ್‌ಸಿ ನೋಡಿ. ಚಿಕ್ಕ ಬೈಟ್ ಮೊದಲು.

ರಘು: ಅದು ಡೇಟಾ ಅಲ್ವಲ್ಲ.

ಸವಿತಾ: ಪೂರ್ತಿ ಅಂದವರು ನೀವು.

ಶ್ರೀನಿವಾಸಮೂರ್ತಿ: ಇದೆಲ್ಲಾ ನಮ್ಮಲ್ಲಿ ಮೊದಲೇ ಇತ್ತು. ಅಂಕಾನಾಂ ವಾಮತೋ ಗತಿಃ. ಧೀರಶಂಕರಾಭರಣದಲ್ಲಿ ಧ 9, ರ 2. ತಿರುಗಿಸಿ ಓದಿದ್ರೆ 29ನೇ ಮೇಳ. ಅಕ್ಷರದಲ್ಲಿ ಅಂಕಿ ಹೇಳೋ ಕಟಪಯಾದಿ ಲಿಟಲ್ ಎಂಡಿಯನ್!

ಇಮ್ರಾನ್: ಸರ್, ಮಂಜುನಾಥ್ ಅವರಿಗೆ ವೋಲ್ಟೇಜ್ ಬೇಕು, ರಾಗ ಅಲ್ಲ.

ಶ್ರೀನಿವಾಸಮೂರ್ತಿ: ತಿಳಿದವರು ಹೇಳಿದಾಗ ಕೇಳೋದು ಕಲೀರಿ.

ಸವಿತಾ: ಹೋಲಿಕೆ ಸರಿಯಾಗೇ ಇದೆ ಸರ್. ಎರಡು ಕಡೆಯವರಿಗೂ ಓದೋ ದಿಕ್ಕು ಮೊದಲೇ ಗೊತ್ತಿರಬೇಕು, ಇಲ್ಲಾಂದ್ರೆ ಧೀರಶಂಕರಾಭರಣ 92 ಆಗುತ್ತೆ. ಮೇಳಗಳೇ 72.

ಲತಾ: ನನ್ನ ಕನ್ನಡ ಟೆಕ್ಸ್ಟ್ ಫೈಲ್ ತೆರೆದ್ರೆ ಚೀನೀ, ಕೊರಿಯನ್ ಅಕ್ಷರ ಬರ್ತಿದೆ. ವೈರಸ್ಸಾ?

ಇಮ್ರಾನ್: ಫಾಂಟ್ ಇಲ್ಲ. ಕನ್ನಡ ಫಾಂಟ್ ಹಾಕಿ.

ಸವಿತಾ: ಫಾಂಟ್ ಇಲ್ಲದಿದ್ರೆ ಚೌಕ ಬರುತ್ತೆ, ಚೀನೀ ಅಲ್ಲ. ಯುಟಿಎಫ್-16 ಫೈಲನ್ನ ಉಲ್ಟಾ ಕ್ರಮದಲ್ಲಿ ಓದ್ತಿದ್ದೀರಿ. ಅ 0C85, ತಿರುಗಿದ್ರೆ 850C, ಅದು ಚೀನೀ. ಮ 0CAE, ತಿರುಗಿದ್ರೆ AE0C, ಅದು ಕೊರಿಯನ್. ತೆರೆಯುವಾಗ ಇನ್ನೊಂದು ಕ್ರಮ ಆರಿಸಿ.

ಕಿರಣ್: ಮೇಡಂ, ನನ್ನ ಸೆನ್ಸರ್‌ನಲ್ಲೂ ತಪ್ಪು ಬೆಲೆ. htonl ಹಾಕಲಾ?

ಸವಿತಾ: ಮೇಲೆ ಓದಿ.

ಪ್ರಕಾಶ್: *ಫಾರ್ವರ್ಡ್: ಯಾವುದೇ ಎಂಡಿಯನ್ ಸಮಸ್ಯೆಗೆ ಒಂದೇ ಪರಿಹಾರ! ಎರಡೂ ಕಡೆ htonl ಹಾಕಿ, 10 ಜನಕ್ಕೆ ಕಳಿಸಿ.*

ಸವಿತಾ: ಎಷ್ಟು ಸಲ ಹೇಳೋದು? ಬಿಗ್ ಎಂಡಿಯನ್ ಯಂತ್ರದಲ್ಲಿ htonl ಏನೂ ಮಾಡಲ್ಲ, ಲಿಟಲ್‌ನಲ್ಲಿ ತಿರುಗಿಸುತ್ತೆ. ಎರಡು ಪಿಸಿ ನಡುವೆ ಸರಿಹೋಯ್ತು ಅಂತ ಮೀಟರ್‌ಗೂ ಹಾಕಬೇಡಿ. ಮೀಟರ್ ಒಳಗೆ ನೀವು htonl ಹಾಕೋದು ಹೇಗೆ ಪ್ರಕಾಶ್? ಅಳಿಸಿ ಅದನ್ನ.

ಪ್ರಕಾಶ್: ಬಂದಿದ್ದನ್ನ ಹಾಕಿದೆ ಅಷ್ಟೇ. ಕೋಪ ಯಾಕೆ?

ರಘು: ಇಂಟೆಲ್ ಉಲ್ಟಾ ಮಾಡಿದ್ದರಿಂದಲೇ ಈ ಗೋಳೆಲ್ಲ. ಮೋಟೊರೊಲಾ 68000 ಸರಿಯಾಗಿತ್ತು.

ಇಮ್ರಾನ್: ಉಲ್ಟಾ ಅಂತೆ! ಚಿಕ್ಕ ಬೈಟ್ ಮೊದಲಿದ್ರೆ ಅದೇ ವಿಳಾಸದಿಂದ 8, 16, 32 ಬಿಟ್ ಹೇಗೆ ಬೇಕಾದ್ರೂ ಓದಬಹುದು, ಚಿಕ್ಕ ಸಂಖ್ಯೆ ಬದಲಾಗಲ್ಲ. ಗೊತ್ತಿದ್ಯಾ?

ರಘು: ಹೆಕ್ಸ್ ಡಂಪ್ ಓದಿ ಕಣ್ಣು ಹೋಗಿರೋದು ನನ್ನದು, ನಿಮ್ಮದಲ್ಲ.

ಲತಾ: ಸರಿಹೋಯ್ತು ಮೇಡಂ. ಆದ್ರೆ ಅದೇ ಫೈಲ್ ಟಿವಿಗೆ ಹಾಕಿದ್ರೆ ಮತ್ತೆ ಚೀನೀ.

ಕಿರಣ್: ಮೇಲೆ ಓದಿದೆ ಮೇಡಂ. ನನ್ನದು ಐ2ಸಿ. ಅದಕ್ಕೂ ಇದೇನಾ?

ಮಂಜುನಾಥ: 230.4 ಬಂತು ಮೇಡಂ! ಯೂನಿಟ್ ಕೌಂಟರ್‌ನಲ್ಲಿ r[0] = 0x0000, r[1] = 0x0007. ಮೀಟರ್‌ನಲ್ಲಿ 7. ಇಲ್ಲಿ ದೊಡ್ಡ ತುಂಡು ಮೊದಲು. ಒಂದೇ ಮೀಟರ್, ಎರಡು ಕ್ರಮ.

ಸವಿತಾ: ಅದೇ ನಾನು ಹೆದರಿದ್ದು. ಮೇಲಿನ ಮೂರು ಸಾಲನ್ನ ಫ್ಲೋಟ್‌ಗೆ ಮಾತ್ರ ಇಡಿ.